ಕರೆಂಟ್ ದರ ಏರಿಕೆಯ ಅರ್ಜಿಯನ್ನು ಓದುವುದು ಹೇಗೆ?

ಮನೆಗಳಿಗೆ ಕರೆಂಟ್ ಪೂರೈಸುವ ಕಂಪನಿಗಳಾದ ಎಸ್ಕಾಂಗಳು ದರ ಏರಿಕೆ ಕೋರಿ ಪತ್ರಿಕೆಗಳಲ್ಲಿ ಪ್ರಕಟಣೆ ನೀಡಿದಾಗ ಬಹುತೇಕರು ಪುಟ ತಿರುಗಿಸಿಬಿಡುತ್ತೇವೆ. ಹಾಗೆ ಮಾಡಬಾರದು, ಏಕೆಂದರೆ ಮಾತನಾಡಲು ನಮಗೆ ಸಿಗುವ ಅವಕಾಶ ಅದೇ.

ಮೊದಲು ಒಂದು ಲೆಕ್ಕ ಹಾಕಿ. ನೂರು ಮನೆಗಳ ಬೀದಿಗೆ ಕಂಬ, ತಂತಿ, ಟ್ರಾನ್ಸ್‌ಫಾರ್ಮರ್ ಹಾಕಲು ಹತ್ತು ಲಕ್ಷ ರೂಪಾಯಿ ಬೇಕು ಎಂದುಕೊಳ್ಳಿ. ಒಂದೇ ಕಂಪನಿಯಿದ್ದರೆ ಮನೆಗೆ ಬೀಳುವ ಪಾಲು ಹತ್ತು ಸಾವಿರ. ಎರಡು ಕಂಪನಿಗಳು ಎದುರುಬದುರು ಕಂಬ ನೆಟ್ಟು ತಲಾ ಐವತ್ತು ಮನೆ ಹಂಚಿಕೊಂಡರೆ ಪಾಲು ಇಪ್ಪತ್ತು ಸಾವಿರವಾಗುತ್ತದೆ. ಸ್ಪರ್ಧೆಯಿಂದ ಇಲ್ಲಿ ಖರ್ಚು ಇಳಿಯುವುದಿಲ್ಲ, ಏರುತ್ತದೆ. ಇದೇ ಸಹಜ ಏಕಸ್ವಾಮ್ಯ. ನೀರಿನ ಕೊಳವೆಗೂ ಇದೇ ಲೆಕ್ಕ.

ಆದರೆ ಒಬ್ಬರೇ ಮಾರುವವರಿದ್ದರೆ ಅವರು ಹೇಳಿದ್ದೇ ಬೆಲೆಯಾದೀತು. ಅದಕ್ಕಾಗಿಯೇ ನಮ್ಮಲ್ಲಿ ಕರ್ನಾಟಕ ವಿದ್ಯುಚ್ಛಕ್ತಿ ನಿಯಂತ್ರಣ ಆಯೋಗ, ಅಂದರೆ ಕೆಇಆರ್‌ಸಿ, ಇದೆ. ಎಸ್ಕಾಂ ತನ್ನ ವರ್ಷದ ಖರ್ಚನ್ನೆಲ್ಲ ಅದರ ಮುಂದಿಡಬೇಕು. ನ್ಯಾಯವಾದ ಖರ್ಚು ಮತ್ತು ಮಿತ ಲಾಭ ಎಷ್ಟೆಂದು ಆಯೋಗ ತೀರ್ಮಾನಿಸಿ ದರ ಕಟ್ಟುತ್ತದೆ.

ತೊಡಕಿರುವುದು ಇಲ್ಲಿಯೇ. ಖರ್ಚಾದದ್ದೆಲ್ಲ ಗ್ರಾಹಕರಿಂದ ವಸೂಲಾಗುವುದಾದರೆ ಕಂಪನಿ ಖರ್ಚು ತಗ್ಗಿಸಲು ಏಕೆ ಹೆಣಗಬೇಕು? ಹಾಗಾಗಿ ಅರ್ಜಿ ಕೈಗೆ ಬಂದ ಕೂಡಲೇ ‘ವಿತರಣಾ ನಷ್ಟ’ ಎಂಬ ಸಾಲನ್ನು ಹುಡುಕಿ. ತಂತಿಯಲ್ಲಿ ಸೋರಿದ್ದು, ಕಳವಾದದ್ದು, ಮೀಟರಿಗೆ ಸಿಗದೆ ಹೋದದ್ದು ಎಲ್ಲ ಅದರಲ್ಲಿ ಸೇರಿರುತ್ತದೆ. ಕಂಪನಿ ಯೂನಿಟ್‌ಗೆ 5 ರೂಪಾಯಿಯಂತೆ 100 ಯೂನಿಟ್ ಕೊಂಡಿತು ಎನ್ನೋಣ. ಗ್ರಾಹಕರಿಗೆ 90 ಯೂನಿಟ್ ತಲುಪಿದರೆ ಖರೀದಿ ಖರ್ಚು ಯೂನಿಟ್‌ಗೆ ಸುಮಾರು 5.55 ರೂಪಾಯಿ; 85 ತಲುಪಿದರೆ 5.88. ಆಯೋಗ ಶೇ 10ರಷ್ಟು ನಷ್ಟವನ್ನು ಮಾತ್ರ ಒಪ್ಪಿದರೆ ಆ 33 ಪೈಸೆಯನ್ನು ನಮ್ಮ ಬಿಲ್ಲಿಗೆ ಸೇರಿಸುವಂತಿಲ್ಲ, ಕಂಪನಿಯೇ ಹೊರಬೇಕು. ಆದ್ದರಿಂದ ಹಿಂದಿನ ದರ ಆದೇಶ ತೆಗೆದು, ಆಯೋಗ ಒಪ್ಪಿದ್ದ ನಷ್ಟವೆಷ್ಟು, ಕಂಪನಿ ಈಗ ತೋರಿಸುತ್ತಿರುವುದೆಷ್ಟು ಎಂದು ಪಕ್ಕಪಕ್ಕದಲ್ಲಿ ಬರೆದುಕೊಳ್ಳಿ.

ನಂತರ ಬಂಡವಾಳ ಕಾಮಗಾರಿಗಳ ಪಟ್ಟಿ ನೋಡಿ. ಹಿಂದಿನ ಸಲ ಹಣಕ್ಕೆ ಒಪ್ಪಿಗೆ ಪಡೆದ ವಿದ್ಯುತ್ ಉಪಕೇಂದ್ರ ನಿಮ್ಮೂರಿನಲ್ಲಿ ನಿಜವಾಗಿ ಎದ್ದಿದೆಯೇ? ಬೆಂಗಳೂರಿನ ಕಚೇರಿಯಲ್ಲಿ ಕುಳಿತವರಿಗೆ ಅದು ಕಾಣದು, ನಿಮಗೆ ಕಾಣುತ್ತದೆ. ಈ ಅಂಶಗಳನ್ನು ಪುಟ ಸಂಖ್ಯೆಯೊಂದಿಗೆ ಬರೆದು, ಪ್ರಕಟಣೆಯಲ್ಲಿ ಹೇಳಿದ ಗಡುವಿನೊಳಗೆ ಅಫಿಡವಿಟ್ ಜೊತೆ ಆಕ್ಷೇಪಣೆ ಸಲ್ಲಿಸಿ, ಸಾರ್ವಜನಿಕ ವಿಚಾರಣೆಗೂ ಹೋಗಿ. ‘ದರ ಏರಿಸಬೇಡಿ’ ಎಂದಷ್ಟೇ ಬರೆದರೆ ಆಯೋಗ ಅದರಿಂದ ಏನನ್ನೂ ಪರಿಶೀಲಿಸಲಾಗದು.

ಬೆಂಗಳೂರಿನ ಕುಡಿಯುವ ನೀರಿಗೆ ಇಂಥ ಸ್ವತಂತ್ರ ಆಯೋಗವಿಲ್ಲ. ಜಲಮಂಡಳಿಯ ದರಕ್ಕೆ ಸರ್ಕಾರದ ಒಪ್ಪಿಗೆ ಬೇಕು. 2014ರ ಬಳಿಕ ದರ ಏರಿದ್ದು 2025ರಲ್ಲಿ. ಸುಮಾರು ನೂರು ಕಿಲೋಮೀಟರ್ ದೂರದಿಂದ ಕಾವೇರಿಯನ್ನು ಮೇಲೆತ್ತುವ ಪಂಪುಗಳ ಕರೆಂಟ್ ಬಿಲ್ಲು ಅಷ್ಟು ವರ್ಷ ಕಾಯುತ್ತಾ ಕೂರಲಿಲ್ಲ.