ಬಲಗಾಲಿನ ಲೆಕ್ಕದಲ್ಲಿ ಓಡಿ ಮುಗಿಸಿದ ಮೊದಲ ಫುಲ್ ಮ್ಯಾರಥಾನ್

ಬಲಗಾಲು ಸುಮಾರು 575 ಸಲ ನೆಲ ಮುಟ್ಟಿದರೆ ನನಗೆ ಒಂದು ಕಿಲೋಮೀಟರ್. ಇದನ್ನು ಹೇಳಿದಾಗಲೆಲ್ಲ ನಮ್ಮ ತುಮಕೂರಿನ ಓಟದ ಗುಂಪಿನವರು ನಕ್ಕಿದ್ದಾರೆ. "ಅಕ್ಕಾ, 18 ಸಾವಿರ ಕೊಟ್ಟು ವಾಚ್ ತಗೊಂಡು ಹೆಜ್ಜೆ ಎಣಿಸ್ತೀರಲ್ಲ" ಅಂತ ಕಿರಿಯ ಹುಡುಗನೊಬ್ಬ ಅಮಾನಿಕೆರೆ ಸುತ್ತುವಾಗ ದಿನಾ ಕಾಡುತ್ತಿದ್ದ. ನಮಗೆಲ್ಲ ಓಟ ಹೇಳಿಕೊಡುವ ನಿವೃತ್ತ ಪಿ.ಟಿ. ಮೇಷ್ಟ್ರು ಕೂಡ ಒಪ್ಪಿರಲಿಲ್ಲ. "ಹತ್ತು ಕಿಲೋಮೀಟರ್ ತನಕ ಸರಿ ಕಣಮ್ಮ, 42ಕ್ಕೆ ತಲೆ ಎಲ್ಲಿ ಕೆಲಸ ಮಾಡುತ್ತೆ?" ಅಂದಿದ್ದರು. ಬೆಂಗಳೂರಿನ ಓಟದಲ್ಲಿ ಸ್ಟಾರ್ಟ್ ಲೈನಿನಲ್ಲೇ ವಾಚ್ ಕೈಕೊಟ್ಟಿತು. ನಾನು ಲೆಕ್ಕದ ಮೇಲೇ ಓಡಿ ಐದು ಗಂಟೆಯೊಳಗೆ ಮುಗಿಸಿದೆ. ಹೇಗೆ ಅಂತ ಈಗ ಎಲ್ಲರೂ ಕೇಳುತ್ತಿದ್ದಾರೆ, ಅದಕ್ಕೇ ಬರೆಯುತ್ತಿದ್ದೇನೆ.

ಲೆಕ್ಕ ಹುಟ್ಟಿದ್ದು ಸ್ಟೇಡಿಯಂ ಟ್ರ್ಯಾಕಿನಲ್ಲಿ. ನಾನು ಪತ್ತಿನ ಸಹಕಾರ ಸಂಘವೊಂದರಲ್ಲಿ ಕ್ಯಾಷಿಯರ್. ದಿನವಿಡೀ ನೂರರ ಕಟ್ಟು ಎಣಿಸುವ ಕೈ. ಮೊದಲ ಲೇನಿನಲ್ಲಿ ಆರಾಮಾಗಿ ಓಡುವಾಗ ಸುಮ್ನೆ ಬಲಗಾಲನ್ನು ಎಣಿಸಿದೆ. 400 ಮೀಟರಿನ ಒಂದು ಸುತ್ತಿಗೆ 230ರ ಆಸುಪಾಸು ಬಂತು. ಮರುದಿನವೂ ಅಷ್ಟೇ, ವಾರ ಬಿಟ್ಟು ನೋಡಿದರೂ ಅಷ್ಟೇ. ಹೊರಗಿನ ಲೇನುಗಳಲ್ಲಿ ಸುತ್ತು ಉದ್ದ, ಅಲ್ಲಿ ಎಣಿಸಿದರೆ ಲೆಕ್ಕ ಕೆಡುತ್ತದೆ. ವಾಚಿನಲ್ಲಿ ನೋಡಿದರೆ ನಿಮಿಷಕ್ಕೆ ಎರಡೂ ಕಾಲು ಸೇರಿ 166 ಹೆಜ್ಜೆ, ಅಂದರೆ ಬಲಗಾಲು 83. ಸ್ವಲ್ಪ ಜೋರಾಗಿ ಓಡಿದರೂ, ಸ್ವಲ್ಪ ನಿಧಾನ ಮಾಡಿದರೂ ಈ 83 ಹೆಚ್ಚುಕಮ್ಮಿ ಹಾಗೇ ಇತ್ತು. ಬದಲಾಗುತ್ತಿದ್ದದ್ದು ಹೆಜ್ಜೆಯ ಉದ್ದ.

ಇಡೀ ಉಪಾಯ ನಿಂತಿರುವುದು ಇದರ ಮೇಲೆಯೇ. ತಾಳ ಒಂದೇ ಇದ್ದರೆ, ದಾರಿಯಲ್ಲಿ ಕಿಲೋಮೀಟರಿಗೊಂದು ನಿಲ್ಲಿಸಿರುವ ಬೋರ್ಡುಗಳಲ್ಲಿ ಒಂದರಿಂದ ಇನ್ನೊಂದಕ್ಕೆ ಬಲಗಾಲು ಎಷ್ಟು ಸಲ ಬಂತು ಅನ್ನುವುದೇ ನಿಮ್ಮ ವೇಗ. 575 ಬಂದರೆ ಕಿಲೋಮೀಟರಿಗೆ 6 ನಿಮಿಷ 55 ಸೆಕೆಂಡಿನ ಹತ್ತಿರ. 550 ಬಂದರೆ ಹೆಜ್ಜೆ ಉದ್ದವಾಗಿದೆ, ಜೋರಾಗಿ ಹೋಗುತ್ತಿದ್ದೀನಿ. 600 ಬಂದರೆ ಹೆಜ್ಜೆ ಗಿಡ್ಡವಾಗಿದೆ, ನಿಧಾನ ಆಗಿದ್ದೀನಿ. ಐದು ಗಂಟೆಯೊಳಗೆ ಮುಗಿಸಬೇಕಾದರೆ, ನೀರಿನ ಟೇಬಲ್ಲಿನಲ್ಲಿ ನಡೆಯುವುದಕ್ಕೆ ಒಂದು ಐದು ನಿಮಿಷ ತೆಗೆದಿಟ್ಟರೂ, 575 ಸಾಕಿತ್ತು.

ಎಣಿಕೆ ಹಿಡಿದಿಡುವುದರಲ್ಲೇ ಸಾಕಷ್ಟು ದುಡ್ಡು ದಂಡವಾಯಿತು. ಬೆರಳಿಗೆ ಹಾಕಿಕೊಳ್ಳುವ ಎಣಿಸುವ ಯಂತ್ರ ನೂರೈವತ್ತು ರೂಪಾಯಿಗೆ ತರಿಸಿದೆ. ಬೆವರಿಗೆ ಗುಂಡಿ ಜಾರಿ ಒಂದಕ್ಕೆ ಎರಡು ಒತ್ತಿಕೊಳ್ಳುತ್ತಿತ್ತು. ಹುಣಸೆ ಬೀಜವನ್ನು ಒಂದು ಜೇಬಿನಿಂದ ಇನ್ನೊಂದಕ್ಕೆ ಹಾಕಿಕೊಂಡು ನೋಡಿದೆ. ಕ್ಯಾತ್ಸಂದ್ರದ ಕಡೆ ಓಡುವಾಗ ಅರ್ಧ ಬೀಜ ರಸ್ತೆ ಪಾಲಾಯಿತು. ಕೊನೆಗೆ ಉಳಿದದ್ದು ಅಜ್ಜಿಯ ಕಾಲದ ಗೆಣ್ಣಿನ ಲೆಕ್ಕ. ಎಡಗೈ ಹೆಬ್ಬೆರಳು ಕಿರುಬೆರಳಿನ ಕೆಳಗಿನ ಗೆಣ್ಣಿನಿಂದ ಶುರು, ನೂರಾದಾಗ ಒಂದು ಗೆಣ್ಣು ಮೇಲೆ. ಐದು ಗೆಣ್ಣು ದಾಟಿ ಮೇಲೆ 75 ಎಣಿಸುವ ಹೊತ್ತಿಗೆ ಬೋರ್ಡ್ ಕಾಣಬೇಕು. ಬೋರ್ಡ್ ದಾಟಿದ ತಕ್ಷಣ ಹೆಬ್ಬೆರಳು ಮತ್ತೆ ಮೊದಲ ಗೆಣ್ಣಿಗೆ. ಕಿಲೋಮೀಟರನ್ನು ನೆನಪಿಡುವ ಗೋಜಿಲ್ಲ, ಅದನ್ನು ಬೋರ್ಡೇ ಹೇಳುತ್ತದೆ.

ದೇವರಾಯನದುರ್ಗದ ಏರಿನಲ್ಲೂ ಪರೀಕ್ಷೆ ಮಾಡಿದೆ. ಅಲ್ಲಿ ಈ ಲೆಕ್ಕ ನಿಲ್ಲುವುದಿಲ್ಲ. ಏರಿನಲ್ಲಿ 700 ದಾಟುತ್ತದೆ, ಇಳಿಯುವಾಗ 530ಕ್ಕೆ ಬರುತ್ತದೆ. ಬೆಂಗಳೂರಿನ ಫ್ಲೈಓವರ್‌ಗಳಿಗೆ ಆ ಅನುಭವ ಉಪಯೋಗಕ್ಕೆ ಬಂತು. ಏರು ಇಳಿತ ಎರಡನ್ನೂ ಕೂಡಿಸಿ ನೋಡಬೇಕು, ಒಂದೊಂದನ್ನೇ ನೋಡಿ ಗಾಬರಿಯಾಗಬಾರದು.

ಹೇಳಿದ ವೇಗದಲ್ಲೇ ಬಾವುಟ ಹಿಡಿದು ಮುಂದೆ ಓಡುವ ಪೇಸರ್ ಹಿಂದೆ ಹೋದರೆ ಸಾಕಲ್ವಾ ಅಂತ ಕೇಳುವವರಿದ್ದಾರೆ. ಹಿಂದೊಂದು ಹಾಫ್‌ನಲ್ಲಿ ಬಾವುಟ ಹಿಡಿದವರ ಹಿಂದೆಯೇ ಹೋಗಿದ್ದೆ. ಅವರು ಮೊದಲ ಐದು ಕಿ.ಮೀ. ಹೇಳಿದ್ದಕ್ಕಿಂತ ತುಂಬಾ ಜೋರಾಗಿ ಓಡಿದರು. ಕೊನೆಯ ನಾಲ್ಕು ಕಿ.ಮೀ. ನಾನು ನಡೆದುಕೊಂಡು ಬಂದೆ. ಅವತ್ತೇ ಇನ್ನೊಬ್ಬರ ಕಾಲಿನ ಮೇಲೆ ನನ್ನ ಓಟ ನಿಲ್ಲಬಾರದು ಅಂದುಕೊಂಡೆ.

ಇನ್ನು ಓಟದ ದಿನ. ಎಂಟ್ರಿ ಫೀಸು, ಹಿಂದಿನ ರಾತ್ರಿಯ ರೂಮು, ಬಸ್ಸು, ಊಟ ಎಲ್ಲ ಸೇರಿ ನಾಲ್ಕೂವರೆ ಸಾವಿರ ಮುಟ್ಟಿತ್ತು. ವಾಚಿಗೆ ರಾತ್ರಿಯಿಡೀ ಚಾರ್ಜ್ ಹಾಕಿದ್ದೆ. ಬೆಳಿಗ್ಗೆ ತೊಂಬತ್ತರ ಮೇಲೇ ತೋರಿಸುತ್ತಿತ್ತು. ಫೋನು ಬ್ಯಾಗಿನ ಜೊತೆ ಕೌಂಟರಿಗೆ ಹೋಗಿತ್ತು. ಜನರ ನಡುವೆ ನಿಂತು ಜಿಪಿಎಸ್‌ಗೆ ಕಾಯುತ್ತಿದ್ದೆ. ಪರದೆಯ ಮೇಲಿನ ಗೆರೆ ಮುಕ್ಕಾಲು ಭಾಗ ತುಂಬಿ ಅಲ್ಲೇ ನಿಂತಿತು. ಆಮೇಲೆ ಪರದೆ ಕಪ್ಪಾಯಿತು. ಪಕ್ಕದ ಗುಂಡಿಯನ್ನು ಹದಿನೈದು ಇಪ್ಪತ್ತು ಸೆಕೆಂಡ್ ಒತ್ತಿ ಹಿಡಿದೆ. ಒಮ್ಮೆ ನಡುಗಿತು, ಮತ್ತೆ ಸದ್ದಿಲ್ಲ. ಮೂರು ವರ್ಷದ ಬ್ಯಾಟರಿ, ಅದರ ಕಥೆ ಮುಗಿದಿತ್ತು.

ಪಕ್ಕದಲ್ಲಿದ್ದ ಬೆಂಗಳೂರಿನ ಹೆಂಗಸೊಬ್ಬರು ನೋಡಿ, "ಅಯ್ಯೋ, ಮೊದಲನೇ ಫುಲ್ಲಾ? ಈಗೇನ್ ಮಾಡ್ತೀರಿ?" ಅಂದರು.

"ಎಣಿಸ್ತೀನಿ" ಅಂದೆ. ಅವರಿಗೆ ಅರ್ಥವಾದ ಹಾಗೆ ಕಾಣಲಿಲ್ಲ.

ವಾಚನ್ನು ಬಿಚ್ಚಿ ಸೊಂಟದ ಪೌಚಿಗೆ ಹಾಕಿದೆ. ಕೈಯಲ್ಲೇ ಇದ್ದರೆ ಕಣ್ಣು ಅಲ್ಲಿಗೇ ಹೋಗುತ್ತದೆ, ಪ್ರತಿ ಸಲ ಒಂದಷ್ಟು ಎಣಿಕೆ ತಪ್ಪುತ್ತದೆ. ಗನ್ ಹೊಡೆದ ಮೇಲೆ ನಾನು ಸ್ಟಾರ್ಟ್ ಮ್ಯಾಟ್ ದಾಟಲು ಐದು ನಿಮಿಷದ ಹತ್ತಿರ ಹಿಡಿದಿರಬೇಕು. ಅದು ಚಿಂತೆಯ ವಿಷಯವಲ್ಲ. ಎದೆಯ ಮೇಲಿನ ನಂಬರ್ ಚೀಟಿ, ಅಂದರೆ ಬಿಬ್‌ನಲ್ಲಿರುವ ಚಿಪ್ ಮ್ಯಾಟ್ ಮುಟ್ಟಿದಾಗಿನಿಂದಲೇ ನನ್ನ ಸಮಯ ಹಿಡಿಯುತ್ತದೆ. ಆದರೆ ದಾರಿಯಲ್ಲಿ ಗಡಿಯಾರ ಕಂಡರೆ ಅದು ಗನ್ ಸಮಯ, ನನ್ನದಲ್ಲ ಅನ್ನುವುದು ನೆನಪಿರಬೇಕು.

ಮೊದಲ ಕಿಲೋಮೀಟರ್ 545. ಎಲ್ಲರೂ ನುಗ್ಗುವಾಗ ನಾವೂ ನುಗ್ಗುತ್ತೇವೆ, ಮೈಗೆ ಗೊತ್ತೇ ಆಗುವುದಿಲ್ಲ. ಉಸಿರು ಆರಾಮಾಗಿತ್ತು, ಆದರೂ ಲೆಕ್ಕವನ್ನೇ ನಂಬಿ ಹೆಜ್ಜೆ ಗಿಡ್ಡ ಮಾಡಿದೆ. ಎರಡನೆಯದು 560. ನಾಲ್ಕನೆಯದರಿಂದ 570ಕ್ಕೆ ಕೂತಿತು. ಆಗ ನನ್ನನ್ನು ದಾಟಿ ಹೋದವರು ನೂರಾರು ಮಂದಿ. ಅವರಲ್ಲಿ ಎಷ್ಟೋ ಜನರನ್ನು 32ರ ಆಚೆ ನಡೆಯುತ್ತಿರುವಾಗ ನೋಡಿದೆ.

ಹದಿನಾಲ್ಕರ ಹತ್ತಿರ ಒಂದು ಬೋರ್ಡಿಗೆ 655 ಬಂತು. ಎದೆ ಧಸಕ್ಕೆಂದಿತು. ಏರಿರಲಿಲ್ಲ, ಉಸಿರು ಬದಲಾಗಿರಲಿಲ್ಲ. ಹೆಜ್ಜೆ ಜೋರು ಮಾಡಬೇಕು ಅನ್ನಿಸಿದರೂ ತಡೆದುಕೊಂಡೆ. ಒಂದೇ ಬೋರ್ಡನ್ನು ನೋಡಿ ವೇಗ ಬದಲಿಸಬಾರದು ಅನ್ನುವುದು ನಾನೇ ಮಾಡಿಕೊಂಡ ನಿಯಮ. ಮುಂದಿನ ಬೋರ್ಡಿಗೆ 490 ಬಂತು. ಎರಡೂ ಸೇರಿದರೆ 1145, ಎರಡು ಕಿಲೋಮೀಟರಿಗೆ ಸರಿಯಾದ ಲೆಕ್ಕ. ಬೋರ್ಡನ್ನೇ ನೂರೈವತ್ತು ಮೀಟರ್ ಆಚೆ ನಿಲ್ಲಿಸಿದ್ದರು. ವಾಚ್ ಇದ್ದವರು ಅಲ್ಲಿ ವಾಚ್ ಸರಿಯೋ ಬೋರ್ಡ್ ಸರಿಯೋ ಅಂತ ಮಾತಾಡಿಕೊಳ್ಳುತ್ತಿದ್ದರು. ಮರಗಳೂ ಎತ್ತರದ ಕಟ್ಟಡಗಳೂ ಇರುವ ಕಡೆ ಜಿಪಿಎಸ್ ಕೂಡ ತಪ್ಪುತ್ತದೆ. ನನ್ನ ಹೆಜ್ಜೆ ತಪ್ಪಿರಲಿಲ್ಲ, ಇದನ್ನು ಹೆಮ್ಮೆಯಿಂದಲೇ ಹೇಳುತ್ತೇನೆ.

ತಿನ್ನುವುದಕ್ಕೂ ವಾಚೇ ಬೇಕು ಅನ್ನುತ್ತಾರೆ, ಮುಕ್ಕಾಲು ಗಂಟೆಗೊಮ್ಮೆ ಓಟಗಾರರು ಶಕ್ತಿಗೆ ಹೀರುವ ಸಿಹಿ ಜೆಲ್ ಅಂತ. ನಾನು ಅದನ್ನೂ ಕಿಲೋಮೀಟರಿಗೆ ಕಟ್ಟಿದ್ದೆ. ಆರು, ಹನ್ನೆರಡು, ಹದಿನೆಂಟು, ಹೀಗೆ ಆರಾರಕ್ಕೆ. ನನ್ನ ವೇಗಕ್ಕೆ ಅದು ನಲವತ್ತೆರಡು ನಿಮಿಷದ ಸುಮಾರಾಗುತ್ತದೆ. ಜೆಲ್ ಒಂದಕ್ಕೆ ನೂರು ರೂಪಾಯಿ ಮೇಲೆ, ಅದೂ ನನ್ನ ಹೊಟ್ಟೆಗೆ ಆಗುವುದಿಲ್ಲ. ಶೇಂಗಾ ಚಿಕ್ಕಿ ಪ್ರಯೋಗ ಮಾಡಿದ್ದೆ, ಹಲ್ಲಿಗೆ ಅಂಟಿ ಉಸಿರಾಟಕ್ಕೆ ತೊಂದರೆ. ಬೆಲ್ಲದ ಉಂಡೆ ಮೈಶಾಖಕ್ಕೆ ಕರಗಿ ಪೌಚೆಲ್ಲ ಜಿಗುಟು. ಕೊನೆಗೆ ಉಳಿದದ್ದು ಚೂರು ಉಪ್ಪು ಸವರಿದ, ಬೀಜ ತೆಗೆದ ಖರ್ಜೂರ, ಸಲಕ್ಕೆ ಮೂರು ನಾಲ್ಕು. ನೀರಿನ ಟೇಬಲ್ಲಿನಿಂದ ಲೋಟ ಎಸೆಯುವ ಡ್ರಮ್ಮಿನವರೆಗೆ ನಡೆಯುತ್ತಾ ಅಗಿಯುವುದು. ಆ ನಡಿಗೆಯ ಹೆಜ್ಜೆಯನ್ನು ಹೇಗೆ ಲೆಕ್ಕಕ್ಕೆ ಸೇರಿಸುತ್ತೇನೆ ಅನ್ನುವುದನ್ನು ಇಲ್ಲಿ ಬರೆಯುವುದಿಲ್ಲ. ಅದನ್ನು ಕಂಡುಹಿಡಿಯಲು ತಿಂಗಳುಗಟ್ಟಲೆ ಬೇಕಾಯಿತು.

ತಲೆ ಕೆಲಸ ಮಾಡಲ್ಲ ಅಂತ ಮೇಷ್ಟ್ರು ಹೇಳಿದ ಜಾಗ ಬಂದದ್ದು 31ರಲ್ಲಿ. ಮುನ್ನೂರರ ಗೆಣ್ಣೋ ನಾನೂರರ ಗೆಣ್ಣೋ ತಿಳಿಯಲಿಲ್ಲ. ತೊಡೆ ಕಲ್ಲಾಗಿತ್ತು. ಆದರೆ ಎಣಿಕೆ ತಪ್ಪುವುದಕ್ಕಿಂತ ದೊಡ್ಡ ಅಪಾಯ ಇನ್ನೊಂದಿದೆ. ಸುಸ್ತಾದಾಗ 83ರ ತಾಳವೇ ಬೀಳುತ್ತದೆ. ಆಗ ಬೋರ್ಡಿಗೆ 580 ಬಂದರೂ ಸಮಯ ಸೋರಿಹೋಗುತ್ತಿರುತ್ತದೆ, ಲೆಕ್ಕ ಸುಳ್ಳು ಹೇಳುತ್ತದೆ. ಇದನ್ನು ಪತ್ತೆ ಹಚ್ಚಲು ನನಗಿದ್ದದ್ದು ಉಸಿರು. ಮೂರು ಹೆಜ್ಜೆಗೆ ಒಳಗೆ, ಮೂರು ಹೆಜ್ಜೆಗೆ ಹೊರಗೆ. ಆರು ಹೆಜ್ಜೆಗೆ ಸರಿಯಾಗಿ 'ಓಂ ನಮಃ ಶಿವಾಯ'ದ ಆರು ಅಕ್ಷರ ಕೂರುತ್ತವೆ. ಸಿದ್ಧಗಂಗೆಯ ಬುಡದಲ್ಲಿ ಬೆಳೆದವಳಿಗೆ ಆ ಮಂತ್ರದ ಓಟ ಮೈಗೆ ಹತ್ತಿದೆ. ಅದು ಎಳೆದಾಡಿದ ಹಾಗೆ ಕೇಳಿದರೆ ಕಾಲು ನಿಧಾನ ಆಗಿದೆ ಅಂತಲೇ ಅರ್ಥ. ಆಗ ಕಾಲನ್ನು ದಬ್ಬಬಾರದು. ಮೊಣಕೈ ಹತ್ತಿರಕ್ಕೆ ತಂದು ಕೈಯನ್ನು ಚಿಕ್ಕದಾಗಿ, ಬೇಗ ಆಡಿಸಬೇಕು. ಕೈ ಹೋದ ಹಾಗೆ ಕಾಲು ಬರುತ್ತದೆ.

ಅಲ್ಲಿಂದ ಮುಂದೆ ನೂರರ ಲೆಕ್ಕ ಬಿಟ್ಟು ಮಂತ್ರವನ್ನೇ ಎಣಿಸಿದೆ. ಒಂದು ಮಂತ್ರಕ್ಕೆ ಬಲಗಾಲು ಮೂರು ಸಲ. ಕಿಲೋಮೀಟರಿಗೆ ನೂರ ತೊಂಬತ್ತೈದು, ಇನ್ನೂರರ ಒಳಗೆ ಬಂದರೆ ಸಾಕು. ಎಣಿಸಬೇಕಾದ್ದು ಮೂರರಲ್ಲಿ ಒಂದು ಭಾಗವಾಯಿತು, ತಲೆಗೆ ಅಷ್ಟು ಹಗುರ. ಮೂವತ್ತಾರಕ್ಕೆ ಒಮ್ಮೆ 205 ಆಯಿತು, ಮುಂದಿನದರಲ್ಲಿ 196ಕ್ಕೆ ಎಳೆದು ತಂದೆ.

ಕೊನೆಯ ತಿರುವಿನಲ್ಲಿ ಫಿನಿಶ್ ಗಡಿಯಾರ ಕಂಡಿತು. 5:02 ದಾಟಿತ್ತು. ಪಕ್ಕದ ಹುಡುಗ "ಹೋಯ್ತು" ಅಂತ ನಡೆಯತೊಡಗಿದ. "ಗನ್ ಟೈಮ್ ಕಣಪ್ಪಾ ಅದು, ಓಡು" ಅಂತ ಕೂಗಿದೆ. ಅವನೂ ಓಡಿದ. ಮ್ಯಾಟ್ ದಾಟುವಾಗ 4:57 ಅಥವಾ 4:58 ಅಂತ ಮನಸ್ಸಿನಲ್ಲೇ ಲೆಕ್ಕ ಹಾಕಿದ್ದೆ. ಬ್ಯಾಗ್ ತೆಗೆದುಕೊಂಡು ಫೋನು ನೋಡಿದರೆ ಮೆಸೇಜು ಬಂದಿತ್ತು, 4:57 ಮತ್ತೆ ಕೆಲವು ಸೆಕೆಂಡು. ಅದನ್ನು ಹಾಗೇ ಮೇಷ್ಟ್ರಿಗೆ ಕಳಿಸಿದೆ. "ಸೋಮವಾರ ಟ್ರ್ಯಾಕಿಗೆ ಬಾ, ನನಗೂ ಹೇಳಿಕೊಡು" ಅಂತ ಉತ್ತರ ಬಂತು.

ವಾಚ್ ರಿಪೇರಿಗೆ ನಾಲ್ಕು ಸಾವಿರದ ಮೇಲೆ ಕೇಳುತ್ತಿದ್ದಾರೆ, ಸದ್ಯಕ್ಕೆ ಕೊಟ್ಟಿಲ್ಲ. ಆ ದುಡ್ಡಿಗೆ ಶೂ ಬದಲಾಯಿಸಿದೆ. ಶೂ ಬದಲಾದರೆ ಲೆಕ್ಕವೂ ಬದಲಾಗುತ್ತದೆ, ಟ್ರ್ಯಾಕಿನಲ್ಲಿ ಹೊಸದಾಗಿ ಎಣಿಸಲೇಬೇಕು. ನನ್ನ 575 ನಿಮ್ಮದಲ್ಲ, ಎತ್ತರಕ್ಕೂ ಓಡುವ ರೀತಿಗೂ ತಕ್ಕಂತೆ ಒಬ್ಬೊಬ್ಬರಿಗೆ ಒಂದೊಂದು. ಮುಂದಿನ ಸಲ 4:45 ಮಾಡಬೇಕು. ಅದಕ್ಕೆ ಕಿಲೋಮೀಟರಿಗೆ 550 ಬೇಕು, ಟ್ರ್ಯಾಕಿನ ಸುತ್ತಿಗೆ 220. ಈಗ ಸುತ್ತಿಗೆ 224ರಲ್ಲಿ ಇದ್ದೀನಿ.