ಅಪ್ಪ-ಅವ್ವನ ಆರೋಗ್ಯ ವಿಮೆಗೆ ತೆರಿಗೆ ವಿನಾಯಿತಿ: ಕಂತು ಯಾರ ಖಾತೆಯಿಂದ ಹೋಗಬೇಕು?

ಮಾರ್ಚ್ ಕೊನೆಗೆ ಬಾಗಲಕೋಟೆ ನವನಗರದಲ್ಲಿ ತೆರಿಗೆ ಲೆಕ್ಕ ಬರೆಸಲು ಬರುವವರ ಕೈಯಲ್ಲಿ ಪಾಲಿಸಿ ಇರುತ್ತದೆ, ರಸೀದಿಯೂ ಇರುತ್ತದೆ. "ಕಂತು ಹೆಂಗ ಕಟ್ಟೀರಿ?" ಅಂತ ಕೇಳಿದರೆ, "ಏಜೆಂಟರ ಕೈಯಾಗ ರೊಕ್ಕ ಕೊಟ್ಟೇನ್ರೀ, ರಸೀದಿ ಐತಲ್ರೀ" ಅನ್ನುತ್ತಾರೆ. ವರ್ಷಕ್ಕೆ ಮೂವತ್ತು-ನಲವತ್ತು ಸಾವಿರ ಕಟ್ಟಿಯೂ ವಿನಾಯಿತಿ ಕೈತಪ್ಪುವುದು ಇಲ್ಲೇ. ಈ ಲೇಖನ 2025-26ರ ಆರ್ಥಿಕ ವರ್ಷದ ಲೆಕ್ಕಕ್ಕೆ, ಅಂದರೆ 1961ರ ಆದಾಯ ತೆರಿಗೆ ಕಾಯ್ದೆಯ 80ಡಿ ಕಲಮಿಗೆ ಸಂಬಂಧಿಸಿದ್ದು.

ಹೆಜ್ಜೆ 1: ಯಾವ ಪದ್ಧತಿ ಅಂತ ಮೊದಲು ನೋಡಿ

80ಡಿ ವಿನಾಯಿತಿ ಸಿಗುವುದು ಹಳೆ ತೆರಿಗೆ ಪದ್ಧತಿಯಲ್ಲಿ ಮಾತ್ರ. ಹೊಸ ಪದ್ಧತಿಯಲ್ಲಿ ಇದು ಇಲ್ಲ. ಸಂಬಳದಾರರಿಗೆ 12.75 ಲಕ್ಷದವರೆಗೆ ಹೊಸ ಪದ್ಧತಿಯಲ್ಲಿ ತೆರಿಗೆಯೇ ಬರುವುದಿಲ್ಲ. ಸಂಬಳ ಅಷ್ಟರೊಳಗೆ ಇದ್ದರೆ ತೆರಿಗೆ ಸಲುವಾಗಿ ರಸೀದಿ ಕೂಡಿಡುವ ತಾಪತ್ರಯ ಬೇಡ. ಅಪ್ಪ-ಅವ್ವನಿಗೆ ವಿಮೆ ಮಾತ್ರ ಬಿಡಬೇಡಿ, ಅದು ಬೇರೆ ಮಾತು. ಮನೆ ಸಾಲದ ಬಡ್ಡಿ, ಬಾಡಿಗೆ ಭತ್ಯೆ, ಪಿಎಫ್ ಎಲ್ಲ ಜಾಸ್ತಿ ಇದ್ದವರು ಎರಡೂ ಪದ್ಧತಿಯಲ್ಲಿ ಲೆಕ್ಕ ಹಾಕಿ, ಹಳೆಯದು ಲಾಭ ಅಂತ ಕಂಡರೆ ಮುಂದೆ ಓದಿ.

ಹೆಜ್ಜೆ 2: ವಯಸ್ಸು ಮತ್ತು ಮಿತಿ

ಅಪ್ಪ ಅಥವಾ ಅವ್ವ, ಇಬ್ಬರಲ್ಲಿ ಒಬ್ಬರಿಗೆ ಆ ವರ್ಷದೊಳಗೆ 60 ತುಂಬಿದ್ದರೂ ಮಿತಿ 50,000 ರೂಪಾಯಿ. ಇಬ್ಬರೂ 60ರೊಳಗಿದ್ದರೆ 25,000. ಇದು ಇಬ್ಬರಿಗೂ ಸೇರಿ, ತಲಾ ಅಲ್ಲ. ನಿಮ್ಮ, ಹೆಂಡತಿ-ಮಕ್ಕಳ ವಿಮೆಗೆ ಬೇರೆ 25,000 ಇದೆ. ಅಪ್ಪ-ಅವ್ವ ನಿಮ್ಮ ಮೇಲೆ ಅವಲಂಬಿತರಾಗಿರಬೇಕು ಅಂತೇನಿಲ್ಲ. ಪಿಂಚಣಿ ಬರುತ್ತಿದ್ದರೂ ನಡೆಯುತ್ತದೆ. ಅತ್ತೆ-ಮಾವನ ಕಂತು ನಿಮ್ಮ ಲೆಕ್ಕಕ್ಕೆ ಬರುವುದಿಲ್ಲ. ಅದನ್ನು ನಿಮ್ಮ ಹೆಂಡತಿ ತನ್ನ ದುಡಿಮೆಯಿಂದ ಕಟ್ಟಿದರೆ ಅವರ ಲೆಕ್ಕಕ್ಕೆ ಹೋಗುತ್ತದೆ.

ಹೆಜ್ಜೆ 3: ಕಂತು ಕಟ್ಟುವ ದಾರಿ

ಜನ ಎಡವುವುದು ಇಲ್ಲಿ, ಹಾಗಾಗಿ ಸ್ವಲ್ಪ ನಿಧಾನವಾಗಿ ನೋಡೋಣ.

ವಿಮೆ ಕಂತನ್ನು ನಗದಿನಲ್ಲಿ ಕಟ್ಟಿದರೆ ಒಂದು ರೂಪಾಯಿ ವಿನಾಯಿತಿಯೂ ಇಲ್ಲ. ಚೆಕ್, ಯುಪಿಐ, ಕಾರ್ಡ್, ನೆಟ್ ಬ್ಯಾಂಕಿಂಗ್, ಯಾವುದಾದರೂ ಸರಿ. ಕಂಪನಿಯ ಶಾಖೆಗೆ ಹೋಗಿ ನೋಟು ಎಣಿಸಿ ಕೊಟ್ಟು ಪಕ್ಕಾ ರಸೀದಿ ತಂದರೂ ಅದು ನಗದೇ.

ಏಜೆಂಟರ ದಾರಿ ಇನ್ನೂ ತೊಡಕಿನದು. ನೀವು ಅವರಿಗೆ ನೋಟು ಕೊಡುತ್ತೀರಿ. ಅವರು ತಮ್ಮ ಫೋನಿನಿಂದಲೋ ತಮ್ಮ ಕಾರ್ಡಿನಿಂದಲೋ ಕಂಪನಿಗೆ ಕಟ್ಟುತ್ತಾರೆ. ರಸೀದಿಯಲ್ಲಿ "ಆನ್‌ಲೈನ್" ಅಂತ ಬರುತ್ತದೆ, ನಿಮಗೆ ಸಮಾಧಾನ. ಆದರೆ ನಿಮ್ಮ ಪಾಸ್‌ಬುಕ್ಕಿನಲ್ಲಿ ಆ ಮೊತ್ತ ಹೋದ ಗುರುತೇ ಇರುವುದಿಲ್ಲ. ತೆರಿಗೆ ಇಲಾಖೆ ವಿವರ ಕೇಳಿದರೆ ತೋರಿಸಲು ಏನಿರುತ್ತದೆ? ಏಜೆಂಟರಿಗೆ ಒಂದೇ ಮಾತು ಹೇಳಿ: ಕಂತು ಕಟ್ಟುವ ಲಿಂಕ್ ಕಳಿಸಿ, ನಾನೇ ಕಟ್ಟುತ್ತೇನೆ. ಲಿಂಕ್ ಕಳಿಸಲು ಹಿಂದೆಮುಂದೆ ನೋಡುವ ಏಜೆಂಟರನ್ನು ಬಿಡಿ.

ಮತ್ತೊಂದು ತಪ್ಪು, ಅಪ್ಪನ ಪಿಂಚಣಿ ಖಾತೆಯಿಂದ ಕಂತು ಹೋಗುವುದು, ವಿನಾಯಿತಿ ಮಗ ಕೇಳುವುದು. ಕಾನೂನು ನೋಡುವುದು ಕಟ್ಟಿದವರನ್ನು. ಅಪ್ಪ ಕಟ್ಟಿದರೆ ಅದು ಅಪ್ಪನ ಲೆಕ್ಕ. ಪಾಲಿಸಿ ಅಪ್ಪನ ಹೆಸರಿನಲ್ಲಿದ್ದು, ನಿಮ್ಮ ಖಾತೆಯಿಂದ ಕಂತು ಹೋಗಿದ್ದರೆ ನೀವು ಕೇಳಬಹುದು. ಆ ತಿಂಗಳ ಬ್ಯಾಂಕ್ ಸ್ಟೇಟ್‌ಮೆಂಟ್ ಜೊತೆಗಿಟ್ಟುಕೊಳ್ಳಿ. ಅಣ್ಣ-ತಮ್ಮ ಇಬ್ಬರೂ ದುಡಿಯುವವರಾದರೆ ಅಪ್ಪನಿಗೊಂದು, ಅವ್ವನಿಗೊಂದು ಪಾಲಿಸಿ ಮಾಡಿಸಿ, ಒಬ್ಬೊಬ್ಬರು ಒಂದೊಂದು ಕಟ್ಟುವುದು ಒಳ್ಳೆಯದು. ಒಂದೇ ರಸೀದಿಯನ್ನು ಇಬ್ಬರೂ ತೋರಿಸುವಂತಿಲ್ಲ.

ಕಟ್ಟಿದ ಮೇಲೆ ಕಂಪನಿಯ ವೆಬ್‌ಸೈಟಿನಿಂದ 80ಡಿ ಪ್ರಮಾಣಪತ್ರ ಇಳಿಸಿಕೊಂಡು, ಮೊತ್ತದ ಜೊತೆಗೆ ಪಾವತಿ ವಿಧಾನವನ್ನೂ ಓದಿ. ನಗದು ಅಂತ ಇದ್ದರೆ ಆ ವರ್ಷದ ಮಟ್ಟಿಗೆ ಮುಗಿಯಿತು. ಎರಡು ವರ್ಷದ ಕಂತು ಒಟ್ಟಿಗೆ ಕಟ್ಟಿದ್ದರೆ ವಿಮೆ ಜಾರಿಯಲ್ಲಿರುವ ಆರ್ಥಿಕ ವರ್ಷಗಳಿಗೆ ಸಮನಾಗಿ ಹಂಚಿಕೊಳ್ಳಬೇಕು, ಪೂರ್ತಿ ಒಂದೇ ವರ್ಷ ತೋರಿಸಬಾರದು.

ಆಸ್ಪತ್ರೆ ಬಾಗಿಲಲ್ಲಿ "ಹೆಲ್ತ್ ಕಾರ್ಡ್" ಅಂತ ಮಾರುವುದನ್ನು ವಿಮೆ ಅಂದುಕೊಳ್ಳಬೇಡಿ. ಬಿಲ್ಲಿನಲ್ಲಿ ಹತ್ತಿಪ್ಪತ್ತು ಪರ್ಸೆಂಟ್ ಬಿಡುವ ಸದಸ್ಯತ್ವ ಅದು. ಅದರ ಶುಲ್ಕಕ್ಕೆ 80ಡಿ ಇಲ್ಲ.

ಹೆಜ್ಜೆ 4: ತಪಾಸಣೆ

ರೋಗ ಬರುವ ಮುಂಚೆ ಮಾಡಿಸುವ ತಪಾಸಣೆಗೆ 5,000 ರೂಪಾಯಿವರೆಗೆ ಉಂಟು. ನಗದು ನಡೆಯುವುದು ಇದೊಂದಕ್ಕೇ. ಈ 5,000 ಮೇಲಿನ ಮಿತಿಯ ಒಳಗೇ ಬರುತ್ತದೆ. ನಿಮ್ಮದು, ಹೆಂಡತಿ-ಮಕ್ಕಳದು, ಅಪ್ಪ-ಅವ್ವನದು ಎಲ್ಲ ಸೇರಿ ಒಂದೇ 5,000.

ಹೆಜ್ಜೆ 5: ವಿಮೆ ಸಿಗದವರ ಔಷಧ ಖರ್ಚು

60 ದಾಟಿದವರಿಗೆ ವಿಮೆ ಇಲ್ಲದಿದ್ದರೆ ಅವರ ವೈದ್ಯಕೀಯ ಖರ್ಚನ್ನೇ ತೋರಿಸಬಹುದು. ಡಾಕ್ಟರ ಫೀ, ಔಷಧ, ಆಸ್ಪತ್ರೆ ಬಿಲ್ಲು ಇದರಲ್ಲಿ ಬರುತ್ತವೆ. ಇದು ಗೊತ್ತಿಲ್ಲದೆ ಬಿಡುವವರೇ ಜಾಸ್ತಿ. ಆದರೆ ಇಲ್ಲಿಯೂ ನಗದು ನಡೆಯುವುದಿಲ್ಲ. ಮೆಡಿಕಲ್ ಅಂಗಡಿಯಲ್ಲಿ ನೋಟು ಕೊಟ್ಟು ತಂದ ಬಿಪಿ ಮಾತ್ರೆಯ ಚೀಟಿ ಲೆಕ್ಕಕ್ಕಿಲ್ಲ. ಅದೇ ಅಂಗಡಿಯ ಕ್ಯೂಆರ್ ಸ್ಕ್ಯಾನ್ ಮಾಡಿ ನಿಮ್ಮ ಫೋನಿನಿಂದ ಕಟ್ಟಿ, ಅವ್ವನ ಹೆಸರು ಬರೆಸಿದ ಬಿಲ್ಲು ತಗೊಂಡರೆ ಲೆಕ್ಕಕ್ಕಿದೆ.

ಒಂದು ಉದಾಹರಣೆ ನೋಡಿ. ಬೆಳಗಾವಿಯಲ್ಲಿ ಕೆಲಸ ಮಾಡುವ ಮಗ, ಗುಳೇದಗುಡ್ಡದಲ್ಲಿರುವ ಅಪ್ಪ-ಅವ್ವ. ಅಪ್ಪನಿಗೆ 67, ಅವ್ವನಿಗೆ 62. ಅಪ್ಪನ ಪಾಲಿಸಿಗೆ ಮಗ ಯುಪಿಐನಲ್ಲಿ 38,400 ಕಟ್ಟಿದ. ಅವ್ವನಿಗೆ ಹಳೆ ಕಾಯಿಲೆ ಇದ್ದದ್ದರಿಂದ ಪಾಲಿಸಿ ಸಿಗಲಿಲ್ಲ. ಇಬ್ಬರ ತಪಾಸಣೆಗೆ ನಗದಾಗಿ 6,500 ಹೋಯಿತು. ಅವ್ವನ ಔಷಧಕ್ಕೆ ಯುಪಿಐನಲ್ಲಿ 14,000, ನೋಟಿನಲ್ಲಿ 5,000 ಖರ್ಚಾಯಿತು.

ಕಂತು 38,400 ಪೂರ್ತಿ ಸಿಗುತ್ತದೆ. ತಪಾಸಣೆಯಲ್ಲಿ 5,000 ಮಾತ್ರ. ಅಲ್ಲಿಗೆ 43,400 ಆಯಿತು. ನೋಟು ಕೊಟ್ಟ ಔಷಧ ಬಿಟ್ಟುಹೋಗುತ್ತದೆ. ಯುಪಿಐನ 14,000ದಲ್ಲಿ 6,600 ಸೇರಿಸಿದರೆ 50,000 ತುಂಬಿತು, ಉಳಿದದ್ದು ಬರುವುದಿಲ್ಲ. ಇವನ ಆದಾಯ ಹಳೆ ಪದ್ಧತಿಯ 20 ಪರ್ಸೆಂಟ್ ಹಂತದಲ್ಲಿದ್ದರೆ ಸೆಸ್ ಸೇರಿ 10,400 ರೂಪಾಯಿ ತೆರಿಗೆ ಉಳಿಯುತ್ತದೆ. ಅಪ್ಪನ ಕಂತನ್ನು ನಗದಿನಲ್ಲಿ ಕಟ್ಟಿದ್ದರೆ? ತಪಾಸಣೆ 5,000, ಅವ್ವನ ಔಷಧ 14,000, ಒಟ್ಟು 19,000ಕ್ಕೆ ನಿಲ್ಲುತ್ತಿತ್ತು. ಉಳಿಯುವ ತೆರಿಗೆ 3,952 ಅಷ್ಟೇ.

ಅಪ್ಪನಿಗೆ ಪಾಲಿಸಿ ಇರುವುದರಿಂದ ಅವರ ಔಷಧದ ಬಿಲ್ಲನ್ನು ಇದರಲ್ಲಿ ಸೇರಿಸುವಂತಿಲ್ಲ. ಹಾಗೆಯೇ, ಔಷಧ ಖರ್ಚು ಜಾಸ್ತಿ ಇರುವ ಅವ್ವನಿಗೆ ತೆರಿಗೆ ಸಲುವಾಗಿ ಸುಮ್ನೆ ಒಂದು ಸಣ್ಣ ಪಾಲಿಸಿ ಮಾಡಿಸಬೇಡಿ. ಅದರ ಕಂತು ಕಟ್ಟಿದ ವರ್ಷ ಅವರ ಔಷಧದ ಬಿಲ್ಲು ತೋರಿಸುವ ಅವಕಾಶ ಹೋಗುತ್ತದೆ.

ಹೆಜ್ಜೆ 6: ರಿಟರ್ನ್ ತುಂಬುವಾಗ

`Schedule 80D`ಯಲ್ಲಿ ಅಪ್ಪ-ಅವ್ವ ಹಿರಿಯ ನಾಗರಿಕರೇ ಎಂಬ ಪ್ರಶ್ನೆಗೆ, ಇಬ್ಬರಲ್ಲಿ ಒಬ್ಬರಿಗಾದರೂ 60 ತುಂಬಿದ್ದರೆ, ಹೌದು ಅನ್ನಿ. ಕಂತು, ತಪಾಸಣೆ, ವೈದ್ಯಕೀಯ ಖರ್ಚಿಗೆ ಬೇರೆ ಬೇರೆ ಸಾಲುಗಳಿವೆ, ಎಲ್ಲವನ್ನೂ ಒಂದರಲ್ಲೇ ತುಂಬಬೇಡಿ. ವಿಮಾ ಕಂಪನಿಯ ಹೆಸರು, ಪಾಲಿಸಿ ನಂಬರ್ ಕೈಯಲ್ಲಿರಲಿ. ರಿಟರ್ನನ್ನು ಗಡುವಿನೊಳಗೇ ಸಲ್ಲಿಸಿ. ತಡವಾದರೆ ಹಳೆ ಪದ್ಧತಿ ಆರಿಸಿಕೊಳ್ಳಲು ಬರುವುದಿಲ್ಲ, 80ಡಿಯೂ ಅದರ ಜೊತೆಗೇ ಹೋಗುತ್ತದೆ. ಅಂಗಡಿ, ವ್ಯಾಪಾರದ ಆದಾಯ ಇದ್ದವರು ಹಳೆ ಪದ್ಧತಿಗೆ `Form 10-IEA`ಯನ್ನೂ ಅದೇ ಗಡುವಿನೊಳಗೆ ಸಲ್ಲಿಸಬೇಕು.