ದುಡ್ಡು ಬರೋದಕ್ಕೆ ಪಿನ್ ಬೇಕಿಲ್ಲ

ಮೊನ್ನೆ ದಾವಣಗೆರೆಯಲ್ಲಿ ನಮ್ಮ ಚಿಕ್ಕಮ್ಮ ಹಳೇ ಮಂಚ ಮಾರೋಕೆ ಫೋಟೋ ಹಾಕಿದ್ರು. ಒಬ್ಬ ಫೋನ್ ಮಾಡಿ, "ಅಡ್ವಾನ್ಸ್ 4,000 ಕಳಿಸಿದೀನಿ ಅಕ್ಕ, ಪಿನ್ ಹಾಕಿ ತಗೊಳ್ಳಿ" ಅಂದ. ಪರದೆ ಮೇಲೆ ಯಾವುದೋ ಅಂಗಡಿ ಹೆಸರು, ₹4,000, ಕೆಳಗೆ Pay ಮತ್ತು Decline ಬಟನ್. ಚಿಕ್ಕಮ್ಮ ನನ್ನನ್ನ ಕೇಳಿದ್ದಕ್ಕೆ ದುಡ್ಡು ಉಳೀತು.

ಅದು ಕಲೆಕ್ಟ್ ರಿಕ್ವೆಸ್ಟ್, ಅಂದ್ರೆ ನಮ್ಮಿಂದ ದುಡ್ಡು ಕೇಳೋ ಕೋರಿಕೆ. 2025ರ ಅಕ್ಟೋಬರ್ 1ರಿಂದ ಯುಪಿಐನಲ್ಲಿ ವ್ಯಕ್ತಿಯಿಂದ ವ್ಯಕ್ತಿಗೆ ಇಂಥ ಕೋರಿಕೆ ಕಳಿಸೋದು ನಿಂತಿದೆ. ವ್ಯಾಪಾರಿ ಖಾತೆಯಿಂದ ಮಾತ್ರ ಬರುತ್ತೆ. ಮಂಚ ಕೊಳ್ಳೋನ ಹೆಸರಲ್ಲಿ ಅಂಗಡಿಯ ಕೋರಿಕೆ ಯಾಕೆ ಬರಬೇಕು? ಅಲ್ಲೇ ಅನುಮಾನ ಬರಬೇಕು.

ನಿಜವಾಗಿ ದುಡ್ಡು ಬಂದ್ರೆ ನಾವು ಏನೂ ಒತ್ತಬೇಕಿಲ್ಲ. ಆಪ್‌ನ ಹಿಸ್ಟರಿಯಲ್ಲಿ ಬಂದಿದ್ದು ಕಾಣುತ್ತೆ, ಬ್ಯಾಲೆನ್ಸ್ ಏರಿರುತ್ತೆ. ಅವನು ಕಳಿಸೋ ಸ್ಕ್ರೀನ್‌ಶಾಟ್, "credited" ಅನ್ನೋ ಮೆಸೇಜ್ ನಂಬಬೇಡಿ. ಬ್ಯಾಲೆನ್ಸ್ ನೋಡೋಕೂ ಪಿನ್ ಬೇಕು ನಿಜ. ಆದ್ರೆ ಅದನ್ನ ಕರೆ ಕಟ್ ಮಾಡಿ, ಆಪ್ ನೀವೇ ತೆರೆದು ನೋಡಿ. ಪಿನ್ ಹಾಕೋ ಪರದೆಯಲ್ಲಿ ಮೊತ್ತ ಕಂಡ್ರೆ ಅದು ನಿಮ್ಮ ಖಾತೆಯಿಂದ ಹೋಗೋ ದುಡ್ಡು.

ಕೋರಿಕೆಯನ್ನ Decline ಮಾಡಿ ಆ ಐಡಿ ಬ್ಲಾಕ್ ಮಾಡಿ. ಪಿನ್ ಹಾಕಿಬಿಟ್ಟಿದ್ರೆ ತಡಮಾಡದೆ ಸೈಬರ್ ವಂಚನೆ ಸಹಾಯವಾಣಿ 1930ಕ್ಕೂ ಬ್ಯಾಂಕಿಗೂ ಫೋನ್ ಮಾಡಿ. ಹಿಸ್ಟರಿಯಲ್ಲಿರೋ ಆ ವಹಿವಾಟಿನ ಗುರುತು, ಅಂದ್ರೆ 12 ಅಂಕಿಯ ಯುಟಿಆರ್ ನಂಬರ್, ಕೈಯಲ್ಲಿಟ್ಟುಕೊಳ್ಳಿ.